ವಿಮಾನದ ಬಟನ್ನನ್ನು ಹಿಂದಿನ ಪುಟಕ್ಕೆ ತಳ್ಳು

ಸುಮಾ, ಅಮ್ಮನಿಗೆ ಹೊಸ ಆಂಡ್ರಾಯ್ಡ್ ಫೋನ್ ತೆಗೆದಿಟ್ಟಿದ್ದೀಯಂತೆ, ಒಳ್ಳೆಯದೇ ಆಯಿತು. ಊರಿಗೆ ಒಯ್ದು ಅವರ ಕೈಗೆ ಕೊಡುವ ಮುಂಚೆ ಸ್ಕ್ರೀನಿನ ಮೇಲಿನ ಅಂಚಿನಿಂದ ಕೆಳಗೆ ಎಳೆದರೆ ಬರುತ್ತದಲ್ಲ, ವೈಫೈ, ಟಾರ್ಚ್ ಎಲ್ಲ ಇರುವ ಕ್ವಿಕ್ ಸೆಟ್ಟಿಂಗ್ಸ್, ಅದನ್ನೊಂದು ಕೂತು ಸರಿಮಾಡು. ಕವರು, ಗಾಜು ಆಮೇಲೆ ಹಾಕಿಸಿದರೂ ನಡೆಯುತ್ತದೆ.

ಯಾಕೆ ಹೇಳುತ್ತೇನೆ ಎಂದರೆ, ಹಾಗೇ ಕೊಟ್ಟರೆ ಇವತ್ತಲ್ಲ ನಾಳೆ ಒಂದು ವಿಚಿತ್ರ ತೊಂದರೆ ಬರುತ್ತದೆ. ನೀನು ಬೆಂಗಳೂರಿನಿಂದ ಫೋನ್ ಮಾಡಿದರೆ ಸ್ವಿಚ್ ಆಫ್ ಆಗಿದೆ ಎಂದೋ, ವ್ಯಾಪ್ತಿಯ ಹೊರಗಿದೆ ಎಂದೋ ಕೇಳಿಸುತ್ತದೆ. ಆದರೆ ಅರ್ಧ ಗಂಟೆ ಹಿಂದಷ್ಟೇ ಅಮ್ಮ ವಾಟ್ಸಾಪ್‌ನಲ್ಲಿ ಅಡಿಕೆ ಅಂಗಳದ ಫೋಟೋ ಕಳಿಸಿರುತ್ತಾರೆ. ವಾಟ್ಸಾಪ್ ಕಾಲ್ ಮಾಡಿದರೆ ತಕ್ಷಣ ಎತ್ತಿ, "ನನ್ನ ಫೋನಿಗೇನಾಗಿದೆ, ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ಬ್ಯಾಂಕಿನ ಓಟಿಪಿ ಮಾತ್ರ ಬರುವುದಿಲ್ಲ. ಎಲ್ಲರೂ ಸಿಮ್ಮನ್ನೇ ದೂರುತ್ತಾರೆ. ಪೇಟೆಯ ಅಂಗಡಿಯಲ್ಲಿ ಸಿಮ್ ತೆಗೆದು, ಒರೆಸಿ, ಮತ್ತೆ ಹಾಕಿ, ಫೋನ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ.

ಆಗಿರುವುದು ಇಷ್ಟು. ಯಾರ ಮೆಸೇಜ್ ಬಂತೆಂದು ಮೇಲಿಂದ ಎಳೆಯುವಾಗ ಹೆಬ್ಬೆರಳು ತಾಗಿ ಏರೋಪ್ಲೇನ್ ಮೋಡ್ ಆನ್ ಆಗಿದೆ. ಅದರ ಜೊತೆಗೆ ವೈಫೈಯೂ ಹೋಯಿತು. ವಾಟ್ಸಾಪ್ ಬರುತ್ತಿಲ್ಲವೆಂದು ಪಕ್ಕದ ಮನೆಯ ಹುಡುಗ ವೈಫೈ ಬಟನ್ ಒತ್ತಿಕೊಟ್ಟ. ಏರೋಪ್ಲೇನ್ ಮೋಡ್ ಇದ್ದಾಗಲೂ ವೈಫೈಯನ್ನು ಬೇರೆಯಾಗಿ ಆನ್ ಮಾಡಬಹುದು, ಅದು ಅವನಿಗೂ ಗೊತ್ತಿಲ್ಲದೆ ಆಗಿಹೋಗಿದೆ. ಈಗ ಇಂಟರ್ನೆಟ್ ಇದೆ, ಟವರಿನ ಸಂಪರ್ಕ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೂ ಏರೋಪ್ಲೇನ್ ಮೋಡ್ ಇದ್ದಂತೆಯೇ ಇರುತ್ತದೆ. ಈಚಿನ ಫೋನುಗಳು ಇನ್ನೊಂದು ಹೆಜ್ಜೆ ಮುಂದೆ: ಒಮ್ಮೆ ನೀನು ಹೀಗೆ ವೈಫೈ ಆನ್ ಮಾಡಿದರೆ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಏರೋಪ್ಲೇನ್ ಮೋಡಿಗೆ ಹೋದಾಗ ವೈಫೈಯನ್ನು ಆಫೇ ಮಾಡುವುದಿಲ್ಲ. ಅನುಕೂಲವೇ, ಆದರೆ ಅಮ್ಮನಂಥವರಿಗೆ ಏನೋ ಆಗಿದೆ ಎಂಬ ಸುಳಿವೂ ಸಿಗದಂತಾಗುತ್ತದೆ.

ಇದನ್ನು ಕಂಡುಹಿಡಿಯುವುದು ಸುಲಭ. ಸ್ಕ್ರೀನಿನ ಮೇಲಂಚಿನಲ್ಲಿ ಸಿಗ್ನಲ್ ಕಡ್ಡಿಗಳ ಬದಲು ಪುಟ್ಟ ವಿಮಾನ ಕಾಣಿಸುತ್ತಿದೆಯಾ ಎಂದು ಅಮ್ಮನನ್ನು ವಾಟ್ಸಾಪ್‌ನಲ್ಲೇ ಕೇಳು. ಸಿಮ್ಮಿನ ವಿಚಾರ ಆಮೇಲೆ. ವೈಫೈ ಕಾಲಿಂಗ್ ಇದ್ದರೆ ಸಂಗತಿ ಇನ್ನೂ ಮರೆಯಾಗುತ್ತದೆ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಆರಂಭಕ್ಕೆ ಈ ಸೌಲಭ್ಯ ತಂದವು. ಅದು ಆನ್ ಇದ್ದರೆ ಏರೋಪ್ಲೇನ್ ಮೋಡಿನಲ್ಲೂ ಮಾಮೂಲಿ ನಂಬರಿಗೆ ಕಾಲ್ ಬರುತ್ತದೆ. ಮನೆಯಲ್ಲಿರುವಷ್ಟು ಹೊತ್ತು ಎಲ್ಲ ಸರಿ, ತೋಟಕ್ಕೋ ಪೇಟೆಗೋ ಹೊರಟರೆ ಮಾತ್ರ ಫೋನ್ ಸಿಗದು ಎಂಬ ದೂರು ಬಂದರೆ ಮೊದಲು ಈ ವಿಮಾನವನ್ನೇ ಹುಡುಕು.

ಹಾಗಾದರೆ ಆ ಬಟನ್ ನಿಜವಾಗಿ ಆಫ್ ಮಾಡುವುದು ಏನನ್ನು? ಖಂಡಿತವಾಗಿ ಆಫ್ ಆಗುವುದು ಮೊಬೈಲ್ ಟವರಿನೊಂದಿಗೆ ಮಾತಾಡುವ ರೇಡಿಯೋ ಒಂದೇ. ಕಾಲ್, ಎಸ್‌ಎಂಎಸ್, ಮೊಬೈಲ್ ಡೇಟಾ ಮೂರೂ ಅದರ ಮೇಲೇ ನಿಂತಿವೆ. ವೈಫೈ ಕಥೆ ಹೇಳಿದೆ. ಬ್ಲೂಟೂತೂ ಸಾಮಾನ್ಯವಾಗಿ ಆಫ್ ಆಗುತ್ತದೆ, ಆದರೆ ಇಯರ್‌ಫೋನ್ ಜೋಡಿಸಿಕೊಂಡು ಹಾಡು ಕೇಳುತ್ತಿದ್ದರೆ ಆಂಡ್ರಾಯ್ಡ್ 11ರಿಂದ ಈಚಿನ ಫೋನುಗಳು ಅದನ್ನು ಕಡಿಯುವುದಿಲ್ಲ. ಜಿಪಿಎಸ್‌ಗೆ ಏನೂ ಆಗುವುದಿಲ್ಲ. ಅದು ಉಪಗ್ರಹಗಳು ಕಳಿಸಿದ್ದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನಾಗಿ ಏನನ್ನೂ ಕಳಿಸುವುದಿಲ್ಲ. ಅಲಾರಂ ಹೊಡೆಯುತ್ತದೆ. ಬರಬೇಕಿದ್ದ ಎಸ್‌ಎಂಎಸ್ ಕಂಪನಿಯವರ ಬಳಿ ಕಾದಿದ್ದು ಮೋಡ್ ಆಫ್ ಮಾಡಿದಾಗ ಬರುತ್ತದೆ, ಆದರೆ ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ.

ನಿನಗೂ ಇದು ಉಪಯೋಗಕ್ಕೆ ಬರುತ್ತದೆ. ಹಗಲು ರೈಲಿನಲ್ಲಿ ಊರಿಗೆ ಹೋಗುತ್ತೀಯಲ್ಲ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳು. ಅಲ್ಲಿ ಫೋನು ಟವರನ್ನು ಹುಡುಕುತ್ತಲೇ ಇರುತ್ತದೆ, ದೂರದ ಟವರಿಗೆ ಮುಟ್ಟಲು ಜೋರಾಗಿ ಕೂಗುತ್ತದೆ, ಸಿಗದಿದ್ದರೆ ಮತ್ತೆ ಹುಡುಕುತ್ತದೆ. ಫೋನ್ ಬಿಸಿಯಾಗಿ ಚಾರ್ಜ್ ಇಳಿಯುವುದು ಅದಕ್ಕೇ. ಸಕಲೇಶಪುರ ಬಿಟ್ಟೊಡನೆ ಏರೋಪ್ಲೇನ್ ಮೋಡ್ ಹಾಕು, ಸುಬ್ರಹ್ಮಣ್ಯ ರೋಡ್‌ನಲ್ಲಿ ತೆಗೆ. ಮನೆಯಲ್ಲೇ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರೆ ಸುರಂಗದ ಹೊರಗೆ ನೀಲಿ ಚುಕ್ಕೆ ರೈಲಿನ ಜೊತೆ ಸಾಗುವುದನ್ನೂ ನೋಡಬಹುದು. ನೆಟ್‌ವರ್ಕಿನ ಸಹಾಯವಿಲ್ಲದೆ ಚುಕ್ಕೆ ಮೊದಲ ಸಲ ಜಾಗ ಹಿಡಿಯಲು ಸ್ವಲ್ಪ ತಡವಾಗುತ್ತದೆ, ಫೋನನ್ನು ಕಿಟಕಿಯ ಹತ್ತಿರ ಹಿಡಿ.

ಈಗ ಅಮ್ಮನ ಫೋನಿಗೆ ಬರೋಣ. ಮೇಲಿಂದ ಎರಡು ಸಲ ಕೆಳಗೆ ಎಳೆ, ಅಥವಾ ಎರಡು ಬೆರಳಿನಿಂದ ಒಮ್ಮೆ ಎಳೆ, ಪೂರ್ತಿ ಪರದೆ ತೆರೆಯುತ್ತದೆ. ಹೊಸ ಸ್ಯಾಮ್‌ಸಂಗ್‌ಗಳಲ್ಲಿ ಬಲ ಮೂಲೆಯಿಂದ ಎಳೆಯಬೇಕು. ಅಲ್ಲೊಂದು ಪೆನ್ಸಿಲ್ ಗುರುತು ಇರುತ್ತದೆ, ಕೆಲವು ಕಂಪನಿಗಳಲ್ಲಿ ಎಡಿಟ್ ಎಂಬ ಪದ. ಅದನ್ನು ಒತ್ತಿದ ಮೇಲೆ ಬಟನ್ನುಗಳನ್ನು ಬೆರಳಲ್ಲಿ ಒತ್ತಿಹಿಡಿದು ಬೇಕಾದಲ್ಲಿಗೆ ಎಳೆದು ಬಿಡಬಹುದು. ಬಹಳ ಜನ ಹೆಚ್ಚು ಬಳಸುವುದನ್ನು ಮುಂದಿಡುತ್ತಾರೆ. ನಾನು ಹೇಳುವುದು ಬೇರೆ: ತಪ್ಪಿ ತಾಗಿದರೆ ಏನೂ ಕೆಡದಂಥವನ್ನು ಮುಂದಿಡು. ಒಮ್ಮೆ ಎಳೆದಾಗಲೇ ಕಾಣುವ ಮೊದಲ ಸಾಲಿನಲ್ಲೇ ಬೆರಳು ತಪ್ಪುವುದು ಜಾಸ್ತಿ. ಅಲ್ಲಿ ಟಾರ್ಚ್ ಇರಲಿ, ಪರದೆ ತಿರುಗುವ ಬಟನ್ ಇರಲಿ, ಬ್ಯಾಟರಿ ಸೇವರ್ ಇರಲಿ. ಟಾರ್ಚ್ ತಪ್ಪಿ ಹತ್ತಿದರೆ ಕಣ್ಣಿಗೇ ಕಾಣುತ್ತದೆ. ಏರೋಪ್ಲೇನ್ ಮೋಡ್, ಮೊಬೈಲ್ ಡೇಟಾ, ಡು ನಾಟ್ ಡಿಸ್ಟರ್ಬ್ ಈ ಮೂರು ಸದ್ದಿಲ್ಲದೆ ಕೆಡಿಸುವಂಥವು. ಅವನ್ನು ಎರಡನೇ ಪುಟದ ಕೊನೆಗೆ ಎಳೆದುಬಿಡು. ಏರೋಪ್ಲೇನ್ ಬಟನ್ ತೆಗೆದೇಹಾಕಿದರೂ ನಷ್ಟವಿಲ್ಲ, ಸೆಟ್ಟಿಂಗ್ಸಿನ ನೆಟ್‌ವರ್ಕ್ ಭಾಗದಲ್ಲಿ ಅದು ಇದ್ದೇ ಇರುತ್ತದೆ. ಕೆಲವು ಫೋನುಗಳು ಒಂದೆರಡು ಬಟನ್ನುಗಳನ್ನು ತೆಗೆಯಲು ಬಿಡುವುದಿಲ್ಲ, ಆಗ ಆದಷ್ಟು ಹಿಂದಕ್ಕೆ ಸರಿಸು.

ನಿನ್ನ ಫೋನಿನಲ್ಲಿ ಮಾತ್ರ ಅದನ್ನು ತೆಗೆಯಬೇಡ, ಹೊಸ ಊರಿಗೆ ಇಳಿದಾಗ ಕಡ್ಡಿ ಇದ್ದೂ ನೆಟ್ ಓಡದಿದ್ದರೆ ಹತ್ತು ಸೆಕೆಂಡ್ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಫೋನು ಟವರಿಗೆ ಹೊಸದಾಗಿ ಹೆಸರು ಬರೆಸಿಕೊಳ್ಳುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಇನ್ನೊಂದು ಪರೀಕ್ಷೆ ಇಬ್ಬರ ಫೋನಿನಲ್ಲೂ ಮಾಡು. ಫೋನ್ ಲಾಕ್ ಮಾಡಿ, ಪಿನ್ ಹಾಕದೆ, ಬೆರಳಚ್ಚನ್ನೂ ಕೊಡದೆ, ಮೇಲಿಂದ ಎಳೆದು ಏರೋಪ್ಲೇನ್ ಬಟನ್ ಒತ್ತು. ಪಿನ್ ಕೇಳದೆ ಅದು ಆನ್ ಆದರೆ ಫೋನ್ ಕದ್ದವನಿಗೂ ಅಷ್ಟೇ ಸುಲಭ, ಆಮೇಲೆ ನಿನಗೆ ದೂರದಿಂದ ಅದನ್ನು ಹುಡುಕಲೂ ಆಗದು, ರಿಂಗ್ ಮಾಡಿಸಲೂ ಆಗದು. ಸ್ಯಾಮ್‌ಸಂಗ್‌ನಲ್ಲಾದರೆ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸಿನ ಒಳಗೆ "Lock network and security" ಎಂಬುದನ್ನು ಆನ್ ಮಾಡು. ನಿನ್ನ ತಮ್ಮನ ಐಫೋನ್‌ನಲ್ಲಿ ಪಾಸ್‌ಕೋಡ್ ಇರುವ ಪುಟದಲ್ಲಿ "Allow Access When Locked" ಎಂಬುದರ ಕೆಳಗಿನ "Control Center" ಆಫ್ ಮಾಡಿದರೆ ಸಾಕು. ಬೇರೆ ಕಂಪನಿಗಳ ಫೋನಾದರೆ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸಿನಲ್ಲಿ ಪರದೆ ಎಳೆಯುವುದನ್ನೇ ತಡೆಯುವ ಆಯ್ಕೆ ಇದೆಯಾ ಎಂದು ನೋಡು. ಇಲ್ಲದಿದ್ದರೆ ಏರೋಪ್ಲೇನ್ ಬಟನ್ನನ್ನು ಪೆನ್ಸಿಲ್ ಒತ್ತಿ ತೆಗೆದುಬಿಡು, ಲಾಕ್ ತೆರೆಯದೆ ಸೆಟ್ಟಿಂಗ್ಸಿಗೆ ಹೋಗಲು ಯಾರಿಗೂ ಆಗುವುದಿಲ್ಲ.