ಮಹಾಸಭೆಯ ನೋಟೀಸಿನಲ್ಲಿ ಏನೇನಿರಬೇಕು?

ಪರೀಕ್ಷೆಯಲ್ಲಿ ‘ವಾರ್ಷಿಕ ಮಹಾಸಭೆಯ ನೋಟೀಸು ಬರೆಯಿರಿ’ ಎಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ದಿನಾಂಕ, ಸಮಯ, ಸ್ಥಳ ಬರೆದು, ಕೆಳಗೆ ‘ಕಾರ್ಯದರ್ಶಿ’ ಎಂದು ಸಹಿ ಹಾಕಿ ಮುಗಿಸುತ್ತಾರೆ. ಮದುವೆಯ ಕರೆಯೋಲೆಗೆ ಅಷ್ಟು ಸಾಕು. ಸಹಕಾರಿ ಗೃಹನಿರ್ಮಾಣ ಸಂಘದ ನೋಟೀಸಿಗೆ ಸಾಲದು. ಏಕೆಂದು ಮುಂಬಯಿಯ ಒಂದು ಕಟ್ಟಡವನ್ನು ಊಹಿಸಿಕೊಂಡು ನೋಡೋಣ. ನಮ್ಮ ಕರಾವಳಿಯ ಎಷ್ಟೋ ಮನೆಯವರಿಗೆ ಅಲ್ಲಿ ಫ್ಲಾಟುಗಳಿವೆ. ಅಲ್ಲಿನ ಹೌಸಿಂಗ್ ಸೊಸೈಟಿಗಳು ಮಹಾರಾಷ್ಟ್ರದ ಸಹಕಾರ ಕಾಯ್ದೆ ಮತ್ತು ಮಾದರಿ ಬೈಲಾಗಳಂತೆ ನಡೆಯುತ್ತವೆ.

ನಮ್ಮ ಸಂಘದಲ್ಲಿ 36 ಫ್ಲಾಟುಗಳು, 36 ಸದಸ್ಯರು. ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ, ಮಹಾಸಭೆ ನಡೆಯಬೇಕು. ಆಡಳಿತ ಸಮಿತಿ 2024ರ ಸೆಪ್ಟೆಂಬರ್ 22, ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಭೆ ಎಂದು ಗೊತ್ತುಮಾಡಿತು ಎನ್ನೋಣ.

ನೋಟೀಸಿನ ತಲೆಯಲ್ಲಿ ಸಂಘದ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ವಿಳಾಸ ಇರುತ್ತವೆ. ಬಳಿಕ ನೋಟೀಸಿನ ದಿನಾಂಕ. ಇದನ್ನು ಹಗುರವಾಗಿ ಕಾಣಬೇಡಿ. ಬೈಲಾದ ಪ್ರಕಾರ ಪೂರ್ತಿ 14 ದಿನಗಳ ಮುಂಚಿತ ತಿಳುವಳಿಕೆ ಬೇಕು. ನೋಟೀಸು ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಎಣಿಸುವಂತಿಲ್ಲ. 8ನೇ ತಾರೀಖಿನಿಂದ 21ರವರೆಗೆ ಎಣಿಸಿದರೆ ಸರಿಯಾಗಿ 14. ಆದ್ದರಿಂದ ನೋಟೀಸು ತಡವೆಂದರೂ 7ನೇ ತಾರೀಖು ಸದಸ್ಯರಿಗೆ ಮುಟ್ಟಬೇಕು. ‘22ರಲ್ಲಿ 14 ಕಳೆದರೆ 8’ ಎಂದು ಲೆಕ್ಕ ಹಾಕಿದವನು ಒಂದು ದಿನ ತಪ್ಪುತ್ತಾನೆ. ಆ ವರ್ಷ 7ರಂದು ಗಣೇಶ ಚತುರ್ಥಿ ಬೇರೆ. ಮುಂಬಯಿಯಲ್ಲಿ ಅಂದು ಯಾರ ಬಾಗಿಲು ತಟ್ಟುವುದು? ಜಾಣ ಕಾರ್ಯದರ್ಶಿ ನಾಲ್ಕೈದು ದಿನ ಮೊದಲೇ ಹಂಚಿ, ಪಡೆದವರ ಸಹಿಯನ್ನು ಪುಸ್ತಕದಲ್ಲಿ ಹಾಕಿಸಿಕೊಳ್ಳುತ್ತಾನೆ.

ನೋಟೀಸಿನ ಜೀವ ಇರುವುದು ಕಾರ್ಯಸೂಚಿಯಲ್ಲಿ. ಹಿಂದಿನ ಮಹಾಸಭೆಯ ನಡಾವಳಿ ಓದುವುದು, ಸಮಿತಿಯ ವರದಿ ಮತ್ತು ಲೆಕ್ಕಪತ್ರ ಸ್ವೀಕರಿಸುವುದು, ಲೆಕ್ಕಪರಿಶೋಧಕರ ವರದಿ ಪರಿಶೀಲಿಸುವುದು, ಮುಂದಿನ ವರ್ಷಕ್ಕೆ ಲೆಕ್ಕಪರಿಶೋಧಕರನ್ನು ನೇಮಿಸುವುದು: ಇವು ಪ್ರತಿವರ್ಷ ಬರುವ ವಿಷಯಗಳು. ಲೆಕ್ಕಪತ್ರದ ಪ್ರತಿಯನ್ನು ನೋಟೀಸಿನ ಜೊತೆಗೇ ಲಗತ್ತಿಸಬೇಕು. ಸಭೆಯಲ್ಲಿ ಐದು ನಿಮಿಷ ಕೈಗೆ ಕೊಟ್ಟ ಕಾಗದವನ್ನು ಯಾರು ತಾನೆ ಓದಿ ಪ್ರಶ್ನೆ ಕೇಳಿಯಾರು?

ತೊಡಕು ಇರುವುದು ಆ ವರ್ಷದ ವಿಶೇಷ ವಿಷಯದಲ್ಲಿ. ನಮ್ಮ ಕಟ್ಟಡದ ಹೊರಗೋಡೆ ಬಿರುಕು ಬಿಟ್ಟು ಸೋರುತ್ತಿದೆ. ದುರಸ್ತಿಗೆ 18 ಲಕ್ಷ ರೂಪಾಯಿ, ಅಂದರೆ ಫ್ಲಾಟಿಗೆ 50,000. ಸಮಿತಿ ಇದನ್ನು ‘ಕಟ್ಟಡದ ಬಗ್ಗೆ ಚರ್ಚೆ’ ಎಂದು ಬರೆಯಬಹುದು. ಅಥವಾ ಏನೂ ಬರೆಯದೆ ‘ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನೊಳಗೆ ತೂರಿಸಬಹುದು. ಎರಡೂ ತಪ್ಪು. ಮುಂಚಿತ ತಿಳುವಳಿಕೆ ಬೇಕಾದ ವಿಷಯವನ್ನು ಆ ಕೊನೆಯ ಸಾಲಿನಡಿ ತೀರ್ಮಾನಿಸಲು ಬರುವುದಿಲ್ಲ. ಸರಿಯಾದ ಬರಹ ಹೀಗಿರುತ್ತದೆ: ‘ಹೊರಗೋಡೆಯ ದುರಸ್ತಿಗೆ 18 ಲಕ್ಷ ರೂಪಾಯಿ ವೆಚ್ಚವನ್ನು ಮಂಜೂರು ಮಾಡುವುದು ಹಾಗೂ ಪ್ರತಿ ಫ್ಲಾಟಿನಿಂದ 50,000 ರೂಪಾಯಿ ವಂತಿಗೆ ಸಂಗ್ರಹಿಸುವ ಬಗ್ಗೆ ನಿರ್ಣಯಿಸುವುದು.’

ಕೊಲ್ಲಿಯಲ್ಲಿ ದುಡಿಯುವ ಒಬ್ಬ ಸದಸ್ಯನನ್ನು ನೆನೆದುಕೊಳ್ಳಿ. ಮಾದರಿ ಬೈಲಾದಂತೆ ಅವನ ಪರವಾಗಿ ಅಧಿಕಾರ ಪತ್ರ ಹಿಡಿದ ತಮ್ಮನೋ ಭಾವನೋ ಸಭೆಯಲ್ಲಿ ಕೂರುವಂತಿಲ್ಲ. ‘ಚರ್ಚೆ’ ಎಂದು ಓದಿದರೆ ಅವನು ಸುಮ್ಮನಿರುತ್ತಾನೆ. 50,000 ಎಂದು ಓದಿದರೆ ರಜೆ ಹೊಂದಿಸಿಯಾನು, ಇಲ್ಲವೇ ತನ್ನ ಆಕ್ಷೇಪವನ್ನು ಮೊದಲೇ ಸಮಿತಿಗೆ ಬರೆದಾನು.

ಇನ್ನೊಂದು ಸಾಲು ಬಹಳ ನೋಟೀಸುಗಳಲ್ಲಿ ಬಿಟ್ಟುಹೋಗುತ್ತದೆ. ಕೋರಂ ಎಂದರೆ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಅಥವಾ 20, ಯಾವುದು ಕಡಿಮೆಯೋ ಅದು. 36ರ ಮೂರನೇ ಎರಡು 24. ಆದ್ದರಿಂದ ನಮಗೆ 20 ಜನ ಸಾಕು. ಭಾನುವಾರ 10 ಗಂಟೆಗೆ 13 ಮಂದಿ ಬಂದರು ಎನ್ನಿ. ಅರ್ಧ ಗಂಟೆ ಕಾದರೂ ಕೋರಂ ಆಗದಿದ್ದರೆ ಸಭೆ ಮುಂದೂಡಲ್ಪಡುತ್ತದೆ. ಅದೇ ದಿನ ಮತ್ತೆ ಸೇರಬೇಕಾದರೆ ಆ ಸಮಯ ನೋಟೀಸಿನಲ್ಲಿಯೇ ಇರಬೇಕು: ‘ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅದೇ ದಿನ, ಅದೇ ಸ್ಥಳದಲ್ಲಿ 11 ಗಂಟೆಗೆ ಮುಂದೂಡಲಾಗುವುದು, ಆಗ ಕೋರಂ ಅಗತ್ಯವಿಲ್ಲ.’ ಈ ಸಾಲಿದ್ದರೆ 11 ಗಂಟೆಗೆ ಆ 13 ಮಂದಿಯೇ ಕಾರ್ಯಸೂಚಿಯಲ್ಲಿರುವುದನ್ನೆಲ್ಲ ತೀರ್ಮಾನಿಸಬಹುದು. ಇಲ್ಲದಿದ್ದರೆ ಮತ್ತೊಂದು ದಿನ ಹುಡುಕಬೇಕು. 13 ಮಂದಿ ಉಳಿದ 23 ಮಂದಿಯ ಮೇಲೂ ವಂತಿಗೆ ಹೊರಿಸಬಲ್ಲರು ಎಂದ ಮೇಲೆ, ಕಾರ್ಯಸೂಚಿಯಲ್ಲಿ ಮೊತ್ತ ಬರೆಯುವುದು ಏಕೆ ಮುಖ್ಯವೆಂದು ತಿಳಿಯಿತಲ್ಲ?

ಕೊನೆಯಲ್ಲಿ ‘ಆಡಳಿತ ಸಮಿತಿಯ ಆದೇಶದ ಮೇರೆಗೆ’ ಎಂದು ಬರೆದು ಕಾರ್ಯದರ್ಶಿ ಸಹಿ ಮಾಡುತ್ತಾರೆ. ಸಭೆ ಕರೆಯುವುದು ಸಮಿತಿ, ಕಾರ್ಯದರ್ಶಿಯಲ್ಲ. ಆ ನಾಲ್ಕು ಪದ ಬಿಟ್ಟರೆ ಸಭೆ ಕರೆದವರು ಯಾರೆಂಬುದೇ ಕಾಗದದಲ್ಲಿ ಕಾಣುವುದಿಲ್ಲ. ಇಲ್ಲಿ ಹೇಳಿದ ದಿನಗಳ ಲೆಕ್ಕ, ಕೋರಂ ಎರಡೂ ಮಹಾರಾಷ್ಟ್ರದವು. ನಮ್ಮ ಊರಿನ ಸಂಘದ ನೋಟೀಸು ಬರೆಯುವಾಗ ಕರ್ನಾಟಕದ ಕಾಯ್ದೆಯನ್ನೂ ಆ ಸಂಘದ ಬೈಲಾವನ್ನೂ ತೆರೆದಿಟ್ಟುಕೊಂಡು ಅಂಕಿಗಳನ್ನು ತುಂಬಿರಿ.