ಬ್ಯಾಂಕಿನ ಲೆಕ್ಕದಲ್ಲಿ ಬಡ್ಡಿಯ ಸಾಲುಗಳು

ನನ್ನ ತಂದೆಯವರು ನಿವೃತ್ತರಾದ ಮೇಲೆ ಅವರ ಆದಾಯ ತೆರಿಗೆಯ ಲೆಕ್ಕವನ್ನು ಸಿದ್ಧಪಡಿಸುವ ಕಾರ್ಯ ನನ್ನ ಪಾಲಿಗೆ ಬಂದಿತು. ಪಿಂಚಣಿಯ ಮೊತ್ತವೇನೋ ಒಂದೇ ಕಾಗದದಲ್ಲಿ ಸಿಕ್ಕಿಬಿಡುತ್ತದೆ. ಆದರೆ ಬಡ್ಡಿಯೆಂಬುದು ವರ್ಷವಿಡೀ ಚದುರಿ ಬೀಳುವ ಆದಾಯವಾದುದರಿಂದ, ಅದನ್ನು ಒಂದೆಡೆ ಕೂಡಿಸಿ ನೋಡುವವರೆಗೆ ಅದರ ಗಾತ್ರ ಯಾರ ಮನಸ್ಸಿಗೂ ಸ್ಪಷ್ಟವಾಗುವುದಿಲ್ಲ. 2024-25ನೆಯ ಹಣಕಾಸು ವರ್ಷಕ್ಕೆ ಅನ್ವಯಿಸುತ್ತಿದ್ದ ಕಾಯಿದೆಯ 80TTB ಕಲಮಿನಂತೆ, 60 ವರ್ಷ ತುಂಬಿದ ನಿವಾಸಿಯೊಬ್ಬನು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಉಳಿತಾಯ ಖಾತೆ ಮತ್ತು ನಿಶ್ಚಿತ ಠೇವಣಿ ಎರಡರ ಬಡ್ಡಿಯಲ್ಲಿಯೂ ಸೇರಿ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದಾಗಿತ್ತು. ತಂದೆಯವರ ಬಡ್ಡಿ ಈ ಗಡಿಯ ಆಸುಪಾಸಿನಲ್ಲಿಯೇ ಇದ್ದುದರಿಂದ, "ಒಟ್ಟು ಎಷ್ಟಾಯಿತಪ್ಪಾ, ಐವತ್ತು ದಾಟಿತೇ?" ಎಂದು ಅವರು ಕೇಳಿದ ಪ್ರಶ್ನೆಗೆ ಸುಮಾರಾಗಿ ಉತ್ತರ ಹೇಳುವಂತಿರಲಿಲ್ಲ.

ಬ್ಯಾಂಕಿನ ಜಾಲತಾಣದಿಂದ ನಾನು ಇಳಿಸಿಕೊಂಡ ಕಡತ 2024ರ ಮಾರ್ಚಿನಿಂದ 2025ರ ಏಪ್ರಿಲ್ ಕೊನೆಯವರೆಗಿನ 412 ವ್ಯವಹಾರಗಳನ್ನು ಒಳಗೊಂಡಿತ್ತು: ಔಷಧದಂಗಡಿಗೆ ಯುಪಿಐ ಮೂಲಕ ಕೊಟ್ಟದ್ದು, ವಿದ್ಯುತ್ತಿನ ಬಿಲ್ಲು, ಪಿಂಚಣಿಯ ಜಮೆ, ಇವುಗಳ ಸಂದಣಿಯಲ್ಲಿ ಅಲ್ಲೊಂದು ಇಲ್ಲೊಂದು ಬಡ್ಡಿಯ ಸಾಲು. ಇವನ್ನು ಕಣ್ಣಿನಿಂದ ಹುಡುಕಿ ಕಾಗದದಲ್ಲಿ ಬರೆದುಕೊಳ್ಳುವುದಕ್ಕಿಂತ, ಎಕ್ಸೆಲ್ಲಿನ ಫಿಲ್ಟರಿಗೆ ಷರತ್ತನ್ನು ತಿಳಿಸಿ, ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ತೋರಿಸಿ ಉಳಿದವನ್ನು ತಾತ್ಕಾಲಿಕವಾಗಿ ಮರೆಮಾಡಿಸುವುದು ಲೇಸು. ಆದರೆ ಫಿಲ್ಟರ್ ತಾನು ಮರೆಮಾಡಿದ್ದೇನೆಂಬುದನ್ನು ಹೇಳುವುದಿಲ್ಲ. ಮರೆಯಾದುದರಲ್ಲಿ ಬೇಕಾದ ಸಾಲೇನಾದರೂ ಸೇರಿಹೋಗಿದೆಯೇ ಎಂದು ವಿಚಾರಿಸುವ ಹೊಣೆ ಪೂರ್ತಿಯಾಗಿ ನಮ್ಮದು. ಈ ಲೇಖನದಲ್ಲಿ ನಾನು ಹೇಳಬಯಸುವುದು ಮುಖ್ಯವಾಗಿ ಆ ವಿಚಾರಣೆಯ ಕ್ರಮವನ್ನೇ.

ಬ್ಯಾಂಕಿನ ಕಡತದ ಮೇಲ್ಭಾಗದಲ್ಲಿ ಹೆಸರು, ವಿಳಾಸ, ಶಾಖೆಯ ವಿವರಗಳಿರುತ್ತವೆ; ಅವನ್ನು ಅಳಿಸಿ, ಕಾಲಂಗಳ ಶೀರ್ಷಿಕೆಯ ಸಾಲೇ ಮೊದಲನೆಯದಾಗುವಂತೆ ಮಾಡಿಕೊಳ್ಳಬೇಕು. ಅನಂತರ Data ಎಂಬಲ್ಲಿ Filter ಒತ್ತಿದರೆ, ಅಥವಾ Ctrl+Shift+L ಒತ್ತಿದರೆ, ಪ್ರತಿಯೊಂದು ಶೀರ್ಷಿಕೆಯ ಪಕ್ಕದಲ್ಲಿಯೂ ಒಂದು ಸಣ್ಣ ಬಾಣ ಮೂಡುತ್ತದೆ. ಕೆಲವು ಕಡತಗಳಲ್ಲಿ ಪುಟ ಮುಗಿದ ಕಡೆ ಒಂದು ಖಾಲಿ ಸಾಲಿರುವುದುಂಟು. ಒಂದೇ ಮನೆಯಲ್ಲಿ ಕರ್ಸರ್ ಇಟ್ಟು ಫಿಲ್ಟರ್ ಹಾಕಿದರೆ ಎಕ್ಸೆಲ್ ಆ ಖಾಲಿ ಸಾಲನ್ನೇ ಪಟ್ಟಿಯ ಅಂತ್ಯವೆಂದು ಭಾವಿಸಿ, ಅದರ ಕೆಳಗಿನದನ್ನು ಷರತ್ತಿಗೆ ಒಳಪಡಿಸದೆ ಬಿಟ್ಟುಬಿಡುತ್ತದೆ. ಆದಕಾರಣ ಮೊದಲು ಕಾಲಂಗಳನ್ನು ಪೂರ್ಣವಾಗಿ ಆಯ್ದುಕೊಂಡು ಆಮೇಲೆ ಫಿಲ್ಟರ್ ಹಾಕುವುದು ಕ್ಷೇಮ.

ಮೊದಲ ಷರತ್ತು ಅಕ್ಷರಗಳದು. Description ಕಾಲಂನ ಬಾಣವನ್ನು ಒತ್ತಿ, Text Filters ಎಂಬಲ್ಲಿ Contains ಆರಿಸಿ, INT ಎಂದು ಬರೆದೆನು. ಉಳಿತಾಯ ಖಾತೆಯ ಬಡ್ಡಿಯನ್ನು ಈ ಬ್ಯಾಂಕು CREDIT INTEREST ಎಂದೂ, ಠೇವಣಿಯ ಬಡ್ಡಿಯನ್ನು FD INT CR ಎಂದೂ ನಮೂದಿಸುತ್ತಿದ್ದುದರಿಂದ ಎರಡಕ್ಕೂ ಸಾಮಾನ್ಯವಾದ ಅಕ್ಷರಗಳು ಇವೇ. ಅಕ್ಷರ ದೊಡ್ಡದೋ ಚಿಕ್ಕದೋ ಎಂಬ ಭೇದವನ್ನು ಫಿಲ್ಟರ್ ಗಣಿಸುವುದಿಲ್ಲ. ಪದದ ಆದಿಯಲ್ಲಿದೆಯೋ ನಡುವಿನಲ್ಲಿದೆಯೋ ಎಂಬುದನ್ನೂ Contains ಗಣಿಸುವುದಿಲ್ಲ. ಹೀಗಾಗಿ ಬಡ್ಡಿಯೊಡನೆ PRINTERS ಎಂಬ ಅಂಗಡಿಗೆ ಕೊಟ್ಟ ಹಣವೂ, INTERNET ಬಿಲ್ಲುಗಳೂ, ಆ ಬಿಲ್ಲಿನಲ್ಲಿ ಹೆಚ್ಚಾಗಿ ಕಟ್ಟಿದ್ದು ಮರಳಿ ಬಂದ ಒಂದು ಜಮೆಯೂ ಕಣ್ಣಮುಂದೆ ಬಂದು ನಿಂತವು. ಷರತ್ತು ಸಡಿಲವಾಗಿ ಬೇಡದ್ದು ಕಾಣಿಸಿಕೊಂಡರೆ ನಷ್ಟವಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಷರತ್ತು ಅತಿ ಬಿಗಿಯಾಗಿ ಬೇಕಾದದ್ದೇ ಅಡಗಿದರೆ ಅದು ನಮಗೆ ತಿಳಿಯುವ ಬಗೆಯೇ ಇರುವುದಿಲ್ಲ. ಆದ್ದರಿಂದ ಸಡಿಲವಾದ ಷರತ್ತಿನಿಂದ ಆರಂಭಿಸಿ ಮೆಲ್ಲಮೆಲ್ಲನೆ ಬಿಗಿಗೊಳಿಸುವುದೇ ಸರಿಯಾದ ಮಾರ್ಗವೆಂದು ನನ್ನ ದೃಢವಾದ ಅಭಿಪ್ರಾಯ. ಅದೇ ಪೆಟ್ಟಿಗೆಯಲ್ಲಿ And ಎಂಬುದನ್ನು ಉಳಿಸಿಕೊಂಡು, ಎರಡನೆಯ ಷರತ್ತಾಗಿ does not contain ಎಂಬುದರ ಮುಂದೆ INTERNET ಎಂದು ಬರೆದಾಗ ಆ ಬಿಲ್ಲುಗಳೂ ಮರಳಿ ಬಂದ ಹಣವೂ ಮರೆಯಾದವು. ಒಂದು ಕಾಲಂಗೆ ಈ ಪೆಟ್ಟಿಗೆಯಲ್ಲಿ ಎರಡು ಷರತ್ತುಗಳಿಗಷ್ಟೇ ಅವಕಾಶ.

ಎರಡನೆಯದು ಸಂಖ್ಯೆಯ ಷರತ್ತು. Credit ಕಾಲಂನಲ್ಲಿ Number Filters, ಅದರೊಳಗೆ Greater Than, ಅಲ್ಲಿ 0 ಎಂದು ಕೊಟ್ಟರೆ ಖರ್ಚಿನ ಸಾಲುಗಳೆಲ್ಲ ಹೊರಟು ಜಮೆಗಳು ಮಾತ್ರ ನಿಲ್ಲುತ್ತವೆ. PRINTERS ಹೋದದ್ದು ಹೀಗೆ. ಒಂದು ಕಾಲಂನ ಷರತ್ತಿಗೆ ಮತ್ತೊಂದರದು ಕೂಡಿಕೊಳ್ಳುತ್ತದೆ, ಎರಡನ್ನೂ ತೃಪ್ತಿಪಡಿಸಿದ ಸಾಲೇ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಬ್ಯಾಂಕಿನ ಕಡತದಲ್ಲಿ ಮೊತ್ತದ ಹಿಂದೆಯೋ ಮುಂದೆಯೋ ಒಂದು ಖಾಲಿ ಜಾಗವಿದ್ದರೆ, ಅಥವಾ ಅಂಕೆಯ ಜೊತೆಯಲ್ಲಿ CR ಎಂದು ಅಂಟಿಕೊಂಡಿದ್ದರೆ, ನೋಡುವವರಿಗೆ ಸಂಖ್ಯೆಯಾಗಿ ತೋರುವುದು ಎಕ್ಸೆಲ್ಲಿಗೆ ಬರಿಯ ಅಕ್ಷರಸಮೂಹವಾಗಿರುತ್ತದೆ, ಸೊನ್ನೆಗಿಂತ ಹೆಚ್ಚೆಂಬ ಪರೀಕ್ಷೆಗೆ ಅದು ನಿಲ್ಲುವುದೇ ಇಲ್ಲ. ಬಾಣವನ್ನು ಒತ್ತಿದಾಗ Number Filters ಎಂದು ಬರಬೇಕಾದ ಕಡೆ Text Filters ಎಂದು ಬಂದರೆ ಕಾಲಂನ ಬಹುಪಾಲು ಹೀಗಾಗಿದೆಯೆಂದೇ ಅರ್ಥ. ಕೆಲವೇ ಮನೆಗಳು ಕೆಟ್ಟಿದ್ದರೆ ಅವು ಮಾತ್ರ ಎಡಕ್ಕೆ ಸರಿದು ನಿಂತಿರುತ್ತವೆ. ಆ ಖಾಲಿ ಜಾಗವನ್ನೂ CR ಅನ್ನೂ Find and Replace ಮೂಲಕ ತೆಗೆದಲ್ಲದೆ ಮುಂದುವರಿಯಬಾರದು.

ಮೂರನೆಯದಾದ ದಿನಾಂಕದ ಷರತ್ತಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಂಪ್ಯೂಟರು ಅಮೆರಿಕದ ದಿನಾಂಕ ಪದ್ಧತಿಯಲ್ಲಿದ್ದರೆ 05/04/2024 ಎಂಬ ಏಪ್ರಿಲ್ 5, ಕಡತವನ್ನು ತೆರೆದೊಡನೆ ಮೇ 4 ಆಗಿಬಿಡುತ್ತದೆ. 13/04/2024 ಎಂಬುದಕ್ಕೆ ಹದಿಮೂರನೆಯ ತಿಂಗಳು ಇಲ್ಲವಾದುದರಿಂದ ಅದು ದಿನಾಂಕವಾಗದೆ ಅಕ್ಷರವಾಗಿಯೇ ಉಳಿಯುತ್ತದೆ. ದಿನಾಂಕಗಳಲ್ಲಿ ಕೆಲವು ಬಲಕ್ಕೂ ಕೆಲವು ಎಡಕ್ಕೂ ವಾಲಿದ್ದರೆ ಇದೇ ನಡೆದಿದೆಯೆಂದು ತಿಳಿಯಬೇಕು. ಆಗ ಕಂಪ್ಯೂಟರಿನ ಪ್ರದೇಶವನ್ನು ಭಾರತಕ್ಕೆ ಬದಲಿಸಿ ಮೂಲ ಕಡತವನ್ನೇ ಹೊಸದಾಗಿ ತೆರೆಯುವುದು ಉಚಿತ.

ನಮ್ಮ ಕಡತದಲ್ಲಿ ಈ ದೋಷವಿರಲಿಲ್ಲ. ಅಕ್ಷರ ಮತ್ತು ಸಂಖ್ಯೆಯ ಷರತ್ತುಗಳಾದ ಮೇಲೆ ಹತ್ತು ಸಾಲುಗಳು ನಿಂತಿದ್ದವು. ಅವುಗಳಲ್ಲಿ 2024ರ ಮಾರ್ಚ್ 31ರ ಎರಡು ಹಿಂದಿನ ವರ್ಷಕ್ಕೆ ಸೇರಿದವು. ಅವನ್ನು ತೆಗೆಯಲು Date Filters, ಅದರೊಳಗೆ Between ಆರಿಸಿ, 01-04-2024 ಮತ್ತು 31-03-2025 ಎಂದು ಕೊಡುವುದು ಯಾರಿಗಾದರೂ ಸಹಜವಾಗಿ ತೋಚುವ ಕ್ರಮ. ಹಾಗೆ ಕೊಟ್ಟಾಗ ಉಳಿಯಬೇಕಾಗಿದ್ದುದು ಎಂಟು ಸಾಲು, ಉಳಿದದ್ದು ಆರು. ಉಳಿತಾಯ ಖಾತೆಯ ಬಡ್ಡಿಯೂ ಠೇವಣಿಯ ಬಡ್ಡಿಯೂ ಮೂರು ತಿಂಗಳಿಗೊಮ್ಮೆ, ಅವಧಿಯ ಕೊನೆಯ ದಿನ ಜಮೆಯಾಗುತ್ತಿದ್ದುದರಿಂದ ಒಂದೊಂದರಲ್ಲಿ ನಾಲ್ಕು ಸಾಲುಗಳಿರಲೇಬೇಕು. ಎರಡರಲ್ಲಿಯೂ ಮೂರು ಮೂರೇ ಕಾಣುತ್ತಿದ್ದವು. ಇದರ ಕಾರಣ ಗೂಢವಾದುದೇನಲ್ಲ. ಈ ಬ್ಯಾಂಕು ದಿನಾಂಕದೊಡನೆ ಗಂಟೆ ನಿಮಿಷಗಳನ್ನೂ ನಮೂದಿಸುತ್ತದೆ. ಎಕ್ಸೆಲ್ಲಿನ ದೃಷ್ಟಿಯಲ್ಲಿ 31-03-2025 ಎಂಬುದು ಆ ದಿನ ಆರಂಭವಾಗುವ ಮಧ್ಯರಾತ್ರಿಯ ಕ್ಷಣ; ಅದೇ ದಿನ ರಾತ್ರಿ ಜಮೆಯಾದ ಬಡ್ಡಿ ಆ ಕ್ಷಣಕ್ಕಿಂತ ಈಚಿನದಾದ ಕಾರಣ ಗಡಿಯ ಹೊರಗೆ ಬೀಳುತ್ತದೆ. ಮೇಲಿನ ಗಡಿಯನ್ನು is before ಎಂದು ಬದಲಿಸಿ, ಅದರ ಮುಂದೆ 01-04-2025 ಎಂದು ಕೊಟ್ಟೊಡನೆ ಎಂಟು ಸಾಲುಗಳೂ ಕಾಣಿಸಿಕೊಂಡವು.

ಆ ಎರಡು ಸಾಲುಗಳ ಬೆಲೆ ಎಷ್ಟೆಂಬುದನ್ನು ನೋಡೋಣ. ಠೇವಣಿ ಆರು ಲಕ್ಷ, ಬಡ್ಡಿ ವರ್ಷಕ್ಕೆ ಶೇಕಡಾ 7.5, ಮೂರು ತಿಂಗಳಿಗೆ 11,250ರಂತೆ ವರ್ಷಕ್ಕೆ 45,000. ಉಳಿತಾಯ ಖಾತೆಯ ಬಡ್ಡಿ ಕ್ರಮವಾಗಿ 1,842, 1,967, 2,015 ಮತ್ತು 2,104, ಒಟ್ಟು 7,928. ಎರಡೂ ಕೂಡಿ 52,928. ಮಾರ್ಚ್ 31ರ ಸಾಲುಗಳು ಮರೆಯಲ್ಲಿಯೇ ಉಳಿದಿದ್ದರೆ ಮೊತ್ತ 39,574 ಎಂದು ತೋರಿ, ಐವತ್ತು ಸಾವಿರದ ಗಡಿಗೆ ಇನ್ನೂ ದೂರವಿದ್ದೇವೆಂಬ ಸುಳ್ಳು ಸಮಾಧಾನವಾಗುತ್ತಿತ್ತು. ವಸ್ತುತಃ 2,928 ರೂಪಾಯಿ ತೆರಿಗೆಗೆ ಒಳಪಡುವ ಆದಾಯಕ್ಕೆ ಸೇರಬೇಕಾಗಿತ್ತು. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಮುರಿದುಕೊಂಡಿದ್ದರೆ ಜಮೆಯ ಸಾಲು ಮುರಿದು ಉಳಿದದ್ದನ್ನಷ್ಟೇ ತೋರಿಸುತ್ತದೆಂಬುದನ್ನೂ ಓದುಗರು ನೆನಪಿಡಬೇಕು. ಆಗ ಮುರಿದ ತೆರಿಗೆಯನ್ನು ಬಡ್ಡಿಗೆ ಮರಳಿ ಕೂಡಿಸಿಕೊಳ್ಳಬೇಕು.

ಮೊತ್ತ ಕೂಡಿಸುವಲ್ಲಿಯೂ ಒಂದು ವಿಶೇಷವಿದೆ. SUM ಎಂಬ ಸೂತ್ರ ಮರೆಯಾದ ಸಾಲುಗಳನ್ನೂ ಕೂಡಿಸಿಬಿಡುವುದರಿಂದ, ಎಂಟು ಸಾಲು ಕಾಣುತ್ತಿದ್ದರೂ ಪಿಂಚಣಿ ಸಹಿತವಾಗಿ ಸಮಸ್ತ ಜಮೆಯ ಮೊತ್ತವೇ ಬರುತ್ತದೆ. ಫಿಲ್ಟರಿನ ಷರತ್ತಿಗೆ ನಿಂತ ಸಾಲುಗಳನ್ನು ಮಾತ್ರ ಕೂಡಿಸುವ ಸೂತ್ರ ಬೇರೆ:

```
=SUBTOTAL(9,E2:E413)
```

ಇದನ್ನು ಪಟ್ಟಿಯ ಕೆಳಗೆ ಬರೆದರೆ ಅದೂ ಪಟ್ಟಿಯ ಒಂದು ಸಾಲಾಗಿ ಷರತ್ತಿಗೆ ಸಿಕ್ಕಿ ಮರೆಯಾಗಬಹುದು. ಶೀರ್ಷಿಕೆಯ ಸಾಲನ್ನು ಫಿಲ್ಟರ್ ಎಂದಿಗೂ ಮರೆಮಾಡದಾದುದರಿಂದ, ಅದೇ ಸಾಲಿನಲ್ಲಿ ಪಟ್ಟಿಯಿಂದ ಒಂದೆರಡು ಕಾಲಂ ಆಚೆಗೆ ಬರೆಯುವುದು ಉತ್ತಮ. ಷರತ್ತು ಬದಲಾದಂತೆಲ್ಲ ಮೊತ್ತವೂ ಬದಲಾಗುವುದನ್ನು ಅಲ್ಲಿ ನೋಡುತ್ತಿರಬಹುದು.

ಇನ್ನು ಷರತ್ತುಗಳನ್ನು ತೆಗೆಯುವ ಮಾತು. ಒಂದೇ ಕಾಲಂನದನ್ನು ತೆಗೆಯಬೇಕಾದರೆ ಅದರ ಬಾಣವನ್ನು ಒತ್ತಿ Clear Filter From ಎಂದು ಆರಂಭವಾಗುವ ಆಯ್ಕೆಯನ್ನು ಒತ್ತಬೇಕು. ಉಳಿದ ಕಾಲಂಗಳ ಷರತ್ತು ಹಾಗೆಯೇ ಇರುತ್ತದೆ. ಮೊತ್ತದಲ್ಲಿ ಸಂಶಯ ಬಂದಾಗ ಹೀಗೆ ಒಂದೊಂದನ್ನೇ ತೆಗೆದು, ಮರಳಿ ಬಂದ ಸಾಲುಗಳಾವುವು ಎಂದು ನೋಡುವುದರಷ್ಟು ಒಳ್ಳೆಯ ಪರೀಕ್ಷೆ ಬೇರೆಯಿಲ್ಲ. ಎಲ್ಲವನ್ನೂ ಒಮ್ಮೆಗೇ ತೆಗೆಯಲು Data ಎಂಬಲ್ಲಿ Clear ಒತ್ತಬೇಕು. ಷರತ್ತುಗಳು ಹೋಗುತ್ತವೆ, ಬಾಣಗಳು ಉಳಿಯುತ್ತವೆ, ಒಂದು ಸಾಲಾದರೂ ನಷ್ಟವಾಗುವುದಿಲ್ಲ. ಎಲ್ಲಿಯೋ ಒಂದು ಷರತ್ತು ಉಳಿದುಹೋಗಿದ್ದರೆ ಎಡಬದಿಯ ಸಾಲಿನ ಸಂಖ್ಯೆಗಳು ನೀಲಿಯಾಗಿ, ಅನುಕ್ರಮ ತಪ್ಪಿ ಹಾರುತ್ತ ಹೋಗುತ್ತವೆ. ಆ ಕಾಲಂನ ಬಾಣದ ಸ್ಥಾನದಲ್ಲಿ ಆಲಿಕೆಯ ಚಿಹ್ನೆ ಇರುತ್ತದೆ.

ಕಡತವನ್ನು ಫಿಲ್ಟರ್ ಸಹಿತವಾಗಿ ಉಳಿಸಿದರೆ ಅದು ಮುಂದೆ ಫಿಲ್ಟರ್ ಸಹಿತವಾಗಿಯೇ ತೆರೆದುಕೊಳ್ಳುತ್ತದೆ, ಮತ್ತು ಅದನ್ನು ತೆರೆಯುವ ಲೆಕ್ಕಪರಿಶೋಧಕರಿಗೆ ಎಂಟೇ ವ್ಯವಹಾರಗಳು ಕಾಣುತ್ತವೆ. ಆದ್ದರಿಂದ ನಿಮ್ಮ ಹಿರಿಯರ ಲೆಕ್ಕವನ್ನು ನೀವು ಸಿದ್ಧಪಡಿಸುತ್ತಿದ್ದರೆ, ಬಡ್ಡಿಯ ಸಾಲುಗಳನ್ನು ಬೇರೊಂದು ಹಾಳೆಗೆ ನಕಲು ಮಾಡಿಕೊಂಡು, ಮೂಲ ಹಾಳೆಯಲ್ಲಿ Clear ಒತ್ತಿ, ಕೊನೆಯ ಸಾಲಿನವರೆಗೂ ಸಂಖ್ಯೆಗಳು ಕಪ್ಪಾಗಿ ಅನುಕ್ರಮವಾಗಿ ಬಂದಿವೆಯೆಂದು ನೋಡಿದ ಅನಂತರವೇ ಕಡತವನ್ನು ಉಳಿಸಿ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.