ಬಿಲ್ಡರ್ ದಿವಾಳಿಯಾದರೆ: ಫ್ಲಾಟ್ ಖರೀದಿದಾರರ ಹಕ್ಕು

2016ರ ದಿವಾಳಿ ಸಂಹಿತೆಯಲ್ಲಿ ಮನೆಗೆ ಮುಂಗಡ ಕಟ್ಟಿದವರ ಸ್ಥಾನ ಮೊದಲು ಅಸ್ಪಷ್ಟವಾಗಿತ್ತು. 2018ರ ತಿದ್ದುಪಡಿ ಅವರನ್ನು ಬ್ಯಾಂಕುಗಳಂತೆಯೇ ‘ಹಣಕಾಸು ಸಾಲಿಗ’ರೆಂದು ಗುರುತಿಸಿತು. ಅವರ ಹಣದಿಂದಲೇ ಕಟ್ಟಡ ಏಳುವುದರಿಂದ ಅದೂ ಸಾಲವೇ ಎಂಬುದು ತರ್ಕ. ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಆದರೆ 2020ರ ತಿದ್ದುಪಡಿಯ ನಂತರ ಬಿಲ್ಡರ್ ವಿರುದ್ಧ ಒಬ್ಬರೇ ದಿವಾಳಿ ಅರ್ಜಿ ಹಾಕುವಂತಿಲ್ಲ. ಅದೇ ವಸತಿ ಯೋಜನೆಯ 100 ಮಂದಿ ಅಥವಾ ಶೇ 10ರಷ್ಟು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಒಟ್ಟಾಗಬೇಕು. 300 ಖರೀದಿದಾರರಿದ್ದರೆ 30 ಸಾಕು; 1,500 ಇದ್ದರೆ 150 ಅಲ್ಲ, 100. ಅರ್ಜಿ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ.

ಅರ್ಜಿ ಅಂಗೀಕಾರವಾದ ಮೇಲೆ ರಚನೆಯಾಗುವ ಸಾಲಿಗರ ಸಮಿತಿಯಲ್ಲಿ ಖರೀದಿದಾರರ ಪರವಾಗಿ ಅಧಿಕೃತ ಪ್ರತಿನಿಧಿ ಮತ ಹಾಕುತ್ತಾರೆ. ಸಮಿತಿಯಲ್ಲಿ ಖರೀದಿದಾರರ ಪಾಲು ಶೇ 60, ಉಳಿದದ್ದು ಒಂದು ಬ್ಯಾಂಕಿನದು ಎನ್ನಿ. ಅವರೊಳಗೆ ಚಲಾಯಿಸಿದ ಮತಮೌಲ್ಯದಲ್ಲಿ ಶೇ 55 ‘ಹೌದು’ ಎಂದರೆ, ಪೂರ್ತಿ 60 ‘ಹೌದು’ ಆಗುತ್ತದೆ. ವಿರೋಧಿಸಿದವರ ಮತವೂ ಅದರಲ್ಲೇ ಸೇರುತ್ತದೆ. ಆದರೂ ಪುನಶ್ಚೇತನ ಯೋಜನೆಗೆ ಶೇ 66 ಬೇಕಾದ್ದರಿಂದ ಬ್ಯಾಂಕಿನ ಒಪ್ಪಿಗೆಯಿಲ್ಲದೆ ದಾರಿಯಿಲ್ಲ.

ಪುನಶ್ಚೇತನ ಯೋಜನೆ ಕುದುರದೆ ಕಂಪನಿಯ ಆಸ್ತಿ ಮಾರಾಟಕ್ಕೆ ಬಂದರೆ, ಅಡಮಾನವಿಲ್ಲದ ಸಾಲಿಗರಾದ ಖರೀದಿದಾರರು ಸಾಮಾನ್ಯವಾಗಿ ಅಡಮಾನ ಹೊಂದಿದ ಬ್ಯಾಂಕುಗಳ ಹಿಂದೆ ನಿಲ್ಲಬೇಕಾಗುತ್ತದೆ.